ಕ್ವಾರಿಗೆ ಎರಡು ದರ ಏಕೆ?

ಸಂಪಾದಕರೇ,
ಎರಡು ವರ್ಷದ ಗುತ್ತಿಗೆಗೆ ಒಂದು ಕಲ್ಲು ಕ್ವಾರಿ ಸಿಗುತ್ತಿದೆ. ಈಗ 40 ಲಕ್ಷ ರೂಪಾಯಿ ಹಾಕಬೇಕು. ಮೊದಲ ವರ್ಷದ ಕೊನೆಗೆ 130 ಲಕ್ಷ ಬರುತ್ತದೆ. ಎರಡನೆಯ ವರ್ಷದ ಕೊನೆಗೆ ಹೊಂಡ ಮುಚ್ಚಿ ಜಾಗ ಒಪ್ಪಿಸಲು 100 ಲಕ್ಷ ಖರ್ಚು. ಐಆರ್‌ಆರ್ ಲೆಕ್ಕ ಹಾಕಿದರೆ ನನಗೆ ಶೇ. 25 ಬಂತು, ತಮ್ಮನಿಗೆ ಶೇ. 100. ಯಾರದು ಸರಿ?
— ಒಬ್ಬ ಓದುಗ

ಇಬ್ಬರದೂ ಸರಿ. ಆದರೆ ಎರಡರಲ್ಲಿ ಯಾವುದನ್ನೂ ನಂಬಿ ಸಹಿ ಹಾಕಬೇಡಿ.

ಐಆರ್‌ಆರ್ ಎಂದರೆ ಹಾಕಿದ ಹಣ ಮತ್ತು ಬಂದ ಹಣ ಚುಕ್ತಾ ಆಗುವ ಬಡ್ಡಿದರ. ನಿಮ್ಮ ದರದಲ್ಲಿ ನೋಡಿ: 40 ಲಕ್ಷ ವರ್ಷಕ್ಕೆ 50 ಲಕ್ಷವಾಗುತ್ತದೆ. ಬಂದ 130ರಲ್ಲಿ ಅದನ್ನು ಕಳೆದರೆ 80 ಉಳಿಯುತ್ತದೆ. ಅದೇ ಶೇ. 25ರಂತೆ ಬೆಳೆದರೆ ಮುಂದಿನ ವರ್ಷಕ್ಕೆ ಸರಿಯಾಗಿ 100, ಹೊಂಡ ಮುಚ್ಚುವಷ್ಟು. ತಮ್ಮನ ದರದಲ್ಲಿ 40 ಇದ್ದದ್ದು 80 ಆಗುತ್ತದೆ, ಉಳಿದ 50 ದುಪ್ಪಟ್ಟಾಗಿ ಮತ್ತೆ 100. ಎರಡೂ ಚುಕ್ತಾ.

ಎಡವಟ್ಟು ಆಗುವುದು ಇಲ್ಲೇ. ನೀವು ಹಾಕಿದ ಹಣಕ್ಕೆ ಬಡ್ಡಿ ತಗಲುವುದೂ, ಕೈಗೆ ಬಂದ ಹಣ ದುಡಿಯುವುದೂ ಒಂದೇ ದರದಲ್ಲಿ ಎಂದು ಈ ಲೆಕ್ಕ ಹಿಡಿಯುತ್ತದೆ. ಮೊದಲು ಖರ್ಚು, ಆಮೇಲೆ ಬರೀ ಆದಾಯ ಎನ್ನುವ ಉದ್ಯಮದಲ್ಲಿ ಉತ್ತರ ಒಂದೇ ಇರುತ್ತದೆ. ನಿಮ್ಮಲ್ಲಿ ಹಣದ ದಿಕ್ಕು ಎರಡು ಬಾರಿ ತಿರುಗಿದೆ, ಹೋಗಿ, ಬಂದು, ಮತ್ತೆ ಹೋಗುತ್ತದೆ. ಹಾಗಾದಾಗ ಎರಡು ಉತ್ತರ ಬರಬಹುದು, ಕೆಲವೊಮ್ಮೆ ಒಂದೂ ಬಾರದೆ ಇರಬಹುದು. ಎಕ್ಸೆಲ್ ಇದನ್ನು ಹೇಳುವುದಿಲ್ಲ. ಅದು ಒಂದು ಊಹೆಯಿಂದ ಹೊರಟು, ಮೊದಲು ಸಿಕ್ಕ ಉತ್ತರದಲ್ಲಿ ನಿಲ್ಲುತ್ತದೆ. A1, A2, A3 ಕೋಶಗಳಲ್ಲಿ ಕ್ರಮವಾಗಿ -40, 130, -100 ತುಂಬಿ ನೀವೇ ಹಾಕಿ ನೋಡಿ, ಎರಡನೆಯದರಲ್ಲಿರುವ 0.9 ನಾವೇ ಕೊಡುವ ಊಹೆ:

```
=IRR(A1:A3)
=IRR(A1:A3,0.9)
```

ಮೊದಲನೆಯದು 25 ಕೊಡುತ್ತದೆ, ಎರಡನೆಯದು 100.

ಹಾಕಿದ ಹಣ ಎಷ್ಟು ದಿನಕ್ಕೆ ವಾಪಸ್ಸು ಬರುತ್ತದೆ ಎಂಬ ಪೇಬ್ಯಾಕ್ ಲೆಕ್ಕವಂತೂ ಇನ್ನೂ ಮೋಸ ಮಾಡುತ್ತದೆ. ಆದಾಯ ತಿಂಗಳು ತಿಂಗಳು ಸಮನಾಗಿ ಬಂದರೆ ನಾಲ್ಕು ತಿಂಗಳೊಳಗೆ 40 ಲಕ್ಷ ಮರಳುತ್ತದೆ. ಆಮೇಲಿನ ಹೊಂಡ ಅದಕ್ಕೆ ಕಾಣುವುದೇ ಇಲ್ಲ.

ಈಗ ನಿಜವಾದ ದರಗಳನ್ನು ಹಿಡಿಯೋಣ. ಸಾಲಕ್ಕೆ ಶೇ. 12, ಠೇವಣಿಗೆ ಶೇ. 7 ಎಂದುಕೊಳ್ಳಿ. ಸಾಲ ವರ್ಷಕ್ಕೆ 44.8 ಲಕ್ಷ. ಅದನ್ನು ತೀರಿಸಿದರೆ 85.2 ಉಳಿಯುತ್ತದೆ, ಠೇವಣಿಯಲ್ಲಿ ಅದು ಸುಮಾರು 91 ಲಕ್ಷವಾಗುತ್ತದೆ. ಹೊಂಡಕ್ಕೆ ಬೇಕಾದುದು 100. ಒಂಬತ್ತು ಲಕ್ಷ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಬಡ್ಡಿಯ ಮಾತೇ ಬೇಡವೆಂದರೂ ಬರುವುದು 130, ಹೋಗುವುದು 140. ಇಷ್ಟು ಸರಳ ಕೂಡು-ಕಳೆಯನ್ನು ಆ ಎರಡು ದೊಡ್ಡ ಶೇಕಡಾವಾರುಗಳು ಮರೆಮಾಡಿದವು ಎಂಬುದು ನನಗೆ ನಿಜಕ್ಕೂ ಕಳವಳ ತಂದಿತು.

ಆದ್ದರಿಂದ ಗುತ್ತಿಗೆಗೆ ಒಪ್ಪುವ ಮುನ್ನ ಹೊಂಡ ಮುಚ್ಚುವ ಅಂದಾಜನ್ನು ಮತ್ತೊಮ್ಮೆ ತರಿಸಿ: ಎಷ್ಟು ಟಿಪ್ಪರ್ ಮಣ್ಣು, ಎಲ್ಲಿಂದ, ಯಾವ ದರಕ್ಕೆ. ಅದು 91 ಲಕ್ಷಕ್ಕಿಂತ ಕೆಳಗೆ ಇಳಿದರೆ ಮಾತ್ರ ಉಳಿತಾಯವಿದೆ.
— ಸಂ.