ಬಾದಾಮಿ ಹಾಲಿಗೆ ಕಾರ್ನ್‌ಫ್ಲೋರಾ, ಕಸ್ಟರ್ಡ್ ಪೌಡರಾ?

ಪ್ರಶ್ನೆ: ಮನೆಯಲ್ಲಿ ಕೇಸರಿ ಬಾದಾಮಿ ಹಾಲು ಮಾಡಿದರೆ ನೀರುನೀರಾಗಿರುತ್ತೆ, ಬಾಯಿಗೆ ತರಿತರಿ ಸಿಗುತ್ತೆ, ಹಸಿ ಬಾದಾಮಿ ರುಚಿನೂ ಹೋಗಲ್ಲ. ದಪ್ಪ ಆಗೋಕೆ ಕಾರ್ನ್‌ಫ್ಲೋರ್ ಒಳ್ಳೇದಾ, ಕಸ್ಟರ್ಡ್ ಪೌಡರಾ? ಅರ್ಧ ಲೀಟರ್‌ಗೆ ಎಷ್ಟು ಚಮಚ?

ಎರಡೂ ಬೇಡ. ಒಂದು ಚಮಚವೂ ಬೇಡ.

ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕಾಫಿ ಎಲ್ಲರ ಮನೆಯಲ್ಲೂ ಕೊಡ್ತಾರೆ, ನಾವು ಬಾದಾಮಿ ಹಾಲು ಕೊಡೋಣ ಅಂತ ಹಠ ಹಿಡಿದವಳು ನಾನೇ. ಹುಡುಗನ ಅಜ್ಜಿ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ತುಂಬ ಮರ್ಯಾದೆಯಿಂದಲೇ ಕೇಳಿದರು: "ರವೆ ಪಾಯಸ ಏನಮ್ಮ?" ಮದುವೆ ಆಯಿತು, ಆ ಮಾತು ಬೇರೆ. ಆದರೆ ಇವತ್ತಿಗೂ ಆ ಮನೆಯಲ್ಲಿ ನನ್ನ ಬಾದಾಮಿ ಹಾಲಿಗೆ ರವೆ ಪಾಯಸ ಅಂತಲೇ ಹೆಸರು.

ಅವರು ಹೋದ ಮೇಲೆ ಸೋದರತ್ತೆ ಪಾತ್ರೆಯ ತಳವನ್ನು ಸೌಟಿನಿಂದ ಕೆರೆದು, ಸ್ವಲ್ಪ ನಾಲಿಗೆಗೆ ಹಚ್ಚಿಕೊಂಡು ನೋಡಿದರು. "ಬಾದಾಮಿ ಬೇಯಿಸೇ ಇಲ್ಲ ಕಣೆ ನೀನು. ಹಿಟ್ಟು ಬೇಯಿಸಿದ್ದೀಯ" ಅಂದರು.

ನಾನು ಮಾಡಿದ್ದು ಇಷ್ಟೇ. ರುಬ್ಬಿದ ಬಾದಾಮಿಯನ್ನು ಕುದಿಯುವ ಹಾಲಿಗೆ ಸುರಿದೆ, ಎರಡು ಕುದಿ ಬರಿಸಿ ಇಳಿಸೋಣ ಅಂದುಕೊಂಡೆ. ಬಾದಾಮಿಯನ್ನು ಹಸಿಯಾಗೇ ತಿನ್ನುತ್ತೇವೆ ಅಲ್ವಾ, ಅದನ್ನೇನು ಬೇಯಿಸುವುದು ಅನ್ನುವ ಲೆಕ್ಕ ನನ್ನದು. ಆ ಲೆಕ್ಕವೇ ತಪ್ಪು. ನೆನೆಸಿದ ಬಾದಾಮಿ ಅಗಿದು ತಿಂದರೆ ರುಚಿ. ಅದೇ ಬಾದಾಮಿ ನುಣ್ಣಗಾಗಿ ಹಾಲಿನ ತುಂಬ ಹರಡಿದರೆ ಅದರ ಹಸಿ ವಾಸನೆಯೂ ಹಾಲಿನ ತುಂಬ ಹರಡುತ್ತದೆ. ಹುಳಿಗೆ ಹಾಕಿದ ಮಸಾಲೆಯ ಹಸಿ ವಾಸನೆ ಹೋಗುವವರೆಗೆ ಕಾಯುತ್ತೇವಲ್ಲ, ಇಲ್ಲೂ ಅಷ್ಟೇ ಕಾಯಬೇಕು.

ಬೇಯಿಸದಿದ್ದರೆ ಹಾಳಾಗುವುದು ರುಚಿ ಮಾತ್ರ ಅಲ್ಲ. ಹಾಲು ದಪ್ಪ ಆಗುವುದೂ ಆ ಬೇಯುವಿಕೆಯಲ್ಲೇ. ಸಣ್ಣ ಉರಿಯಲ್ಲಿ ಬಾದಾಮಿ ಹಾಲನ್ನು ಕುಡಿದು ಉಬ್ಬುತ್ತದೆ, ಹಾಲಿನ ನೀರೂ ಒಂದಿಷ್ಟು ಆವಿಯಾಗುತ್ತದೆ. ಅದಕ್ಕೆ ಸಮಯ ಕೊಡದೆ ನೋಡಿದರೆ ಹಾಲು ನೀರುನೀರಾಗಿಯೇ ಕಾಣುತ್ತದೆ. ಆಗ ಕೈ ತಾನಾಗೇ ಕಾರ್ನ್‌ಫ್ಲೋರ್ ಡಬ್ಬಕ್ಕೆ ಹೋಗುತ್ತದೆ, ನನ್ನದೂ ಹೋಯಿತು. ಹಿಟ್ಟು ಬಿದ್ದ ಮೇಲೆ ಹಾಲು ಒಂದೇ ನಿಮಿಷದಲ್ಲಿ ದಪ್ಪಗಾಗಿ ತಳ ಹಿಡಿಯಲು ಶುರು. ಇನ್ನು ಬಾದಾಮಿಯನ್ನು ಬೇಯಿಸೋಣ ಅಂದರೂ ಆಗುವುದಿಲ್ಲ. ಅಂದರೆ ಹಿಟ್ಟು ಹಸಿ ರುಚಿಯನ್ನು ಒಳಗೇ ಕೂಡಿ ಹಾಕಿಬಿಡುತ್ತದೆ. ಕಸ್ಟರ್ಡ್ ಪೌಡರ್ ಕೂಡ ಬಹುಪಾಲು ಕಾರ್ನ್‌ಫ್ಲೋರೇ, ಜೊತೆಗೆ ಬಣ್ಣ ಮತ್ತು ವೆನಿಲಾ ವಾಸನೆ. ಕೇಸರಿ ಹಾಕುವ ಹಾಲಿಗೆ ವೆನಿಲಾ ಯಾಕೆ ಹೇಳಿ?

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ಅರ್ಧ ಲೀಟರ್ ಗಟ್ಟಿ ಹಾಲಿಗೆ 25 ಬಾದಾಮಿ, ಅಂದರೆ ಸುಮಾರು 30 ಗ್ರಾಂ. ರಾತ್ರಿ ನೆನೆಸಿದರೆ ಒಳ್ಳೆಯದು. ಮರೆತರೆ ಕುದಿಯುವ ನೀರಿನಲ್ಲಿ ಒಂದು ಗಂಟೆ ಮುಚ್ಚಿಡಿ. ಸಿಪ್ಪೆ ಪೂರ್ತಿ ತೆಗೆಯಿರಿ, ಒಗರು ಇರುವುದು ಅದರಲ್ಲೇ. ಸುಲಿದ ಬಾದಾಮಿಯನ್ನು ಎರಡಾಗಿ ಮುರಿದು ನೋಡಿ. ನಡುವೆ ಗಟ್ಟಿ ಅನ್ನಿಸಿದರೆ ಇನ್ನೂ ನೆನೆಯಬೇಕು. ಸರಿಯಾಗಿ ನೆನೆಯದ್ದನ್ನು ಎಷ್ಟು ರುಬ್ಬಿದರೂ ತರಿ ಉಳಿಯುತ್ತದೆ.

ರುಬ್ಬುವಾಗ ದೊಡ್ಡ ಜಾರ್ ಬೇಡ, ಚಟ್ನಿ ಜಾರ್ ತೆಗೆದುಕೊಳ್ಳಿ. ಹಾಲನ್ನು ಒಮ್ಮೆಲೇ ಸುರಿದರೆ ಬಾದಾಮಿ ಚೂರುಗಳು ಹಾಲಿನಲ್ಲಿ ತೇಲಾಡುತ್ತಾ ಬ್ಲೇಡಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಮೊದಲು ಎರಡೇ ಚಮಚ ತಣ್ಣನೆಯ ಹಾಲು ಹಾಕಿ ತಿರುಗಿಸಿ. ಅಂಚಿಗೆ ಅಂಟಿದ್ದನ್ನು ಕೆಳಗೆ ತಳ್ಳಿ, ಮತ್ತೆ ಎರಡು ಚಮಚ ಹಾಕಿ. ಗಟ್ಟಿ ಮುದ್ದೆ ಇರುವಾಗಲೇ ಅದು ನುಣ್ಣಗಾಗಬೇಕು, ತೆಳ್ಳಗೆ ಮಾಡುವುದು ಆಮೇಲೆ. ಒಂದು ಚಿಟಿಕೆಯಷ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಬೆರಳಿಗೆ ಏನೂ ತಡೆಯಬಾರದು.

ಬಟ್ಟೆಯಲ್ಲಿ ಸೋಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಾಲನ್ನು ದಪ್ಪ ಮಾಡುವುದೇ ಆ ಬಾದಾಮಿ, ಅದನ್ನು ಬಟ್ಟೆಯಲ್ಲಿ ಉಳಿಸಿ ಆಮೇಲೆ ಹಿಟ್ಟು ಹುಡುಕುವುದೇ? ಅನುಮಾನ ಇದ್ದರೆ ಟೀ ಸೋಸುವ ಜರಡಿಯಲ್ಲಿ ಹಾಯಿಸಿ, ಮೇಲೆ ನಿಂತಿದ್ದನ್ನು ಮತ್ತೆ ಜಾರಿಗೆ ಹಾಕಿ ರುಬ್ಬಿ. ಒಣ ಬಾದಾಮಿ ಪುಡಿ ಮಾಡಿ ಹಾಕುವುದಂತೂ ನನಗೆ ಸರಿ ಬರುವುದಿಲ್ಲ. ಅದು ಎಷ್ಟಾದರೂ ಪುಡಿಯೇ.

ಉಳಿದ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕುದಿಸಿ, ಉರಿ ಪೂರ್ತಿ ಸಣ್ಣ ಮಾಡಿ. ರುಬ್ಬಿದ್ದನ್ನು ನೇರವಾಗಿ ಸುರಿಯಬೇಡಿ. ಮೊದಲು ಒಂದು ಸೌಟು ಬಿಸಿ ಹಾಲನ್ನು ರುಬ್ಬಿದ ಬಾದಾಮಿಗೇ ಹಾಕಿ, ಸಡಿಲ ಮಾಡಿಕೊಳ್ಳಿ. ಇಲ್ಲದಿದ್ದರೆ ಮುದ್ದೆಯ ಹೊರಗೆ ಬೆಂದು ಒಳಗೆ ಹಸಿ ಉಳಿದು ಗಂಟು ಕಟ್ಟುತ್ತದೆ. ಆಮೇಲೆ ಸಣ್ಣ ಧಾರೆಯಾಗಿ ಹಾಕುತ್ತಾ ಕೈ ಬಿಡದೆ ತಿರುವಿ.

ಇಲ್ಲಿಂದ 10-12 ನಿಮಿಷ ಸಣ್ಣ ಉರಿ. ಸೌಟು ತಳಕ್ಕೆ ತಾಗುತ್ತಿರಲಿ. ಗಡಿಯಾರಕ್ಕಿಂತ ಮೂಗನ್ನು ನಂಬಿ. ಮೊದಮೊದಲು ನೆನೆಸಿದ ಬಾದಾಮಿಯ ವಾಸನೆಯೇ ಬರುತ್ತಿರುತ್ತದೆ, ಹಸಿ ಹೋದ ಮೇಲೆ ಖೋವಾ ಕಡೆಗೆ ತಿರುಗುತ್ತದೆ. ಸೌಟಿನ ಬೆನ್ನ ಮೇಲೆ ಬೆರಳಿಂದ ಗೆರೆ ಎಳೆದರೆ ಗೆರೆ ಕೂಡಿಕೊಳ್ಳಬಾರದು, ಆದರೆ ಹಾಲು ಸೌಟಿನಿಂದ ಇಳಿಯುತ್ತಿರಬೇಕು. ಅಲ್ಲಿಗೆ ನಿಲ್ಲಿಸಿ, ತಣ್ಣಗಾದಂತೆ ಇನ್ನೂ ದಪ್ಪ ಆಗುತ್ತದೆ. ಸಕ್ಕರೆ ನಾಲ್ಕು ಚಮಚ, ಕೊನೆಗೆ. ಮೊದಲೇ ಹಾಕಿದರೆ ತಳ ಬೇಗ ಹಿಡಿಯುತ್ತದೆ. ಸಕ್ಕರೆ ಕರಗಿದಾಗ ಹಾಲು ಸ್ವಲ್ಪ ತೆಳ್ಳಗಾಗುತ್ತದೆ, ಗಾಬರಿ ಬೇಡ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ.

ಕೇಸರಿಯನ್ನು ಮಾತ್ರ ಈ ಕುದಿಯಲ್ಲಿ ಬೇಯಿಸಬೇಡಿ. ಹಾಲು ಒಲೆಗೆ ಇಡುವ ಮೊದಲೇ 15-20 ಎಸಳನ್ನು ಚಿಟಿಕೆ ಸಕ್ಕರೆ ಜೊತೆ ಮೆಲ್ಲಗೆ ಜಜ್ಜಿ, ಎರಡು ಚಮಚ ಬೆಚ್ಚಗಿನ ಹಾಲಿನಲ್ಲಿ ನೆನೆಯಲು ಬಿಡಿ. ಒಲೆ ಆರಿಸಿದ ಮೇಲೆ ಬೆರೆಸಿ. ಬಣ್ಣ ಬಿಡಲು ಕೇಸರಿಗೆ ಸಮಯ ಬೇಕು, ಕುದಿಸಿದರೆ ಅದರ ಪರಿಮಳ ಗಾಳಿಗೆ ಹೋಗುತ್ತದೆ. ಹಾಲಿಗೆ ಬಿದ್ದ ಕೂಡಲೇ ಬಣ್ಣ ಪೂರ್ತಿ ಬಿಟ್ಟು ಎಸಳು ಬಿಳಿಚಿಕೊಂಡರೆ ಅದು ಬಣ್ಣ ಹಾಕಿದ ಕೇಸರಿ. ಹೋಟೆಲಿನ ಗಾಢ ಹಳದಿ ಮನೆಯಲ್ಲಿ ಬರಲಿಲ್ಲ ಅಂತ ಬೇಜಾರು ಬೇಡ, ಆ ಹಳದಿ ಬರೀ ಕೇಸರಿಯಿಂದ ಬರುವುದು ಅಪರೂಪ. ಏಲಕ್ಕಿ ಹಾಕುವುದಾದರೆ ಒಂದೇ ಕಾಯಿ, ಜಾಸ್ತಿ ಹಾಕಿದರೆ ಕೇಸರಿ ಗೊತ್ತೇ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಬಾಯಿಗೆ ಏನೋ ಸಿಕ್ಕರೆ, ಅದು ಬಾದಾಮಿ ಆಗಿರಲಿಕ್ಕಿಲ್ಲ, ಕೆನೆ. ಆರಲು ಬಿಟ್ಟಾಗ ಮೇಲೆ ಕಟ್ಟಿದ ಕೆನೆಯನ್ನು ಕಲಕಿದರೆ ಚೂರು ಚೂರಾಗುತ್ತದೆ. ಪಾತ್ರೆಯನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು, ಆರುವವರೆಗೆ ಆಗಾಗ ತಿರುವಿದರೆ ಕೆನೆ ಕಟ್ಟುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಕುಡಿಯುವುದಾದರೆ ಸಕ್ಕರೆ ಅರ್ಧ ಚಮಚ ಜಾಸ್ತಿ ಹಾಕಿ, ತಣ್ಣಗಿದ್ದಾಗ ಸಿಹಿ ಕಡಿಮೆ ಅನ್ನಿಸುತ್ತದೆ. ಮರುದಿನ ತೀರಾ ಗಟ್ಟಿಯಾಗಿದ್ದರೆ ಕಾಯಿಸಿ ಆರಿಸಿದ ಹಾಲು ಸ್ವಲ್ಪ ಬೆರೆಸಿ, ನೀರು ಬೇಡ.