ಪನೀರ್‌ನ ಲ್ಯಾಕ್ಟೋಸ್ ಎಲ್ಲಿಗೆ ಹೋಗುತ್ತದೆ, ಎಷ್ಟು ಉಳಿಯುತ್ತದೆ

"ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬರ. ಪನೀರ್‌ನಲ್ಲಿ ಲ್ಯಾಕ್ಟೋಸ್ ಇರಲ್ಲ ಅಂತಾರೆ, ನಿಜಾನಾ? ಒಡೆದ ನೀರು ಬಸಿದರೆ ಎಷ್ಟು ಕಡಿಮೆ ಆಗುತ್ತೆ?"

ಇರುತ್ತದೆ, ಆದರೆ ಕಡಿಮೆ. 200 ಮಿಲಿ ಹಾಲಿನಲ್ಲಿ ಹತ್ತಿರ ಹತ್ತಿರ 10 ಗ್ರಾಂ ಲ್ಯಾಕ್ಟೋಸ್ ಇದ್ದರೆ, 100 ಗ್ರಾಂ ಪನೀರ್‌ನಲ್ಲಿ ಸುಮಾರು ಎರಡೂವರೆ ಗ್ರಾಂ. ನಮ್ಮ ಅಪ್ಪನಿಗೂ ನಿಮ್ಮದೇ ತೊಂದರೆ. ಒಂದು ಲೋಟ ಹಾಲು ಕುಡಿದರೆ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಡು ಅನ್ನುತ್ತದೆ, ಪನೀರ್ ಪಲ್ಯ ತಿಂದರೆ ಏನೂ ಆಗುವುದಿಲ್ಲ. ಅದಕ್ಕೇ ನಾನು ಇದರ ಲೆಕ್ಕ ಹಾಕಲು ಕೂತಿದ್ದು.

ಮೊದಲು ಒಂದು ತಪ್ಪು ತಿಳುವಳಿಕೆ ತೆಗೆದುಬಿಡೋಣ. ನಿಂಬೆರಸ ಲ್ಯಾಕ್ಟೋಸನ್ನು ಒಡೆಯುವುದಿಲ್ಲ, ಕುದಿಸಿದರೂ ಕರಿದರೂ ಅದು ಹೋಗುವುದಿಲ್ಲ. ಹುಳಿ ಬಿದ್ದಾಗ ಗಟ್ಟಿಯಾಗುವುದು ಹಾಲಿನ ಪ್ರೋಟೀನ್, ಅದು ಕೊಬ್ಬನ್ನೂ ತನ್ನ ಜೊತೆ ಹಿಡಿದುಕೊಳ್ಳುತ್ತದೆ. ಲ್ಯಾಕ್ಟೋಸ್ ಸಕ್ಕರೆ ಅಲ್ವಾ, ನೀರಿನಲ್ಲಿ ಕರಗಿಯೇ ಇರುತ್ತದೆ. ನೀರು ಎಲ್ಲಿಗೆ ಹೋಗುತ್ತದೋ ಅದೂ ಅಲ್ಲಿಗೇ. ಹಾಗಾಗಿ ಪನೀರ್‌ನಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದೇ ಎಷ್ಟು ಲ್ಯಾಕ್ಟೋಸ್ ಉಳಿದಿದೆ ಅನ್ನುವುದಕ್ಕೆ ಉತ್ತರ.

ಒಂದು ಲೀಟರ್ ಗಟ್ಟಿ ಹಾಲು ತೆಗೆದುಕೊಳ್ಳಿ. ಅದರಲ್ಲಿ ಲ್ಯಾಕ್ಟೋಸ್ ಸುಮಾರು 50 ಗ್ರಾಂ. ಒಡೆಸಿ, ಬಟ್ಟೆಯಲ್ಲಿ ಬಸಿದು, ಮೇಲೆ ಭಾರ ಇಟ್ಟರೆ 200 ಗ್ರಾಂ ಹತ್ತಿರ ಪನೀರ್ ಸಿಗುತ್ತದೆ. ನೋಡಲು ಗಟ್ಟಿ ಕಂಡರೂ ಅದರಲ್ಲಿ ಅರ್ಧಕ್ಕರ್ಧ, ಅಂದರೆ 100 ಗ್ರಾಂನಷ್ಟು, ನೀರೇ. ಆ ನೀರು ಕೆಳಗೆ ಬಸಿದುಹೋದ ನೀರಿನಂಥದ್ದೇ, 100 ಗ್ರಾಂಗೆ 5 ಗ್ರಾಂ ಲ್ಯಾಕ್ಟೋಸ್ ಇರುವಂಥದ್ದು. ಒಟ್ಟು 50ರಲ್ಲಿ 45 ಗ್ರಾಂ ಪಾತ್ರೆಗೆ ಹೋಯಿತು, 5 ಗ್ರಾಂ ಪನೀರ್‌ನಲ್ಲಿ ಉಳಿಯಿತು. ಭಾರ ಜಾಸ್ತಿ ಇಟ್ಟು ಇನ್ನಷ್ಟು ಹಿಂಡಿದರೆ ಸ್ವಲ್ಪ ಇಳಿಯುತ್ತದೆ ಅಷ್ಟೇ, ಆಮೇಲೆ ಪನೀರ್ ರಬ್ಬರ್ ಥರ ಆಗುತ್ತದೆ.

ಇನ್ನೂ ಕಡಿಮೆ ಬೇಕು ಅಂದರೆ ಹಿಂಡುವುದಕ್ಕಿಂತ ತೊಳೆಯುವುದು ಒಳ್ಳೆಯದು. ನಾನು ಮಾಡುವುದು ಹೀಗೆ: ಒಡೆದ ಹಾಲನ್ನು ಬಟ್ಟೆಗೆ ಸುರಿದು ನೀರು ಇಳಿದ ಮೇಲೆ, ಭಾರ ಇಡುವ ಮೊದಲೇ, ಆ ಮೆತ್ತನೆಯ ಮುದ್ದೆಯನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ, ಕೈಯಲ್ಲಿ ಸಣ್ಣಗೆ ಬಿಡಿಸಿ, ಐದು ನಿಮಿಷ ಬಿಟ್ಟು ಮತ್ತೆ ಬಸಿಯುತ್ತೇನೆ. ಭಾರ ಇಡುವ ಮುಂಚೆ ಮುದ್ದೆಯಲ್ಲಿ 200 ಗ್ರಾಂ ನೀರು, 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ ಅಂತಿಟ್ಟುಕೊಳ್ಳಿ. ಅದು ಈಗ 1200 ಗ್ರಾಂ ನೀರಿಗೆ ಹರಡಿಕೊಂಡಿತು. ಕೊನೆಗೆ ಪನೀರ್‌ನಲ್ಲಿ 100 ಗ್ರಾಂ ನೀರು ಉಳಿದರೆ ಅದರಲ್ಲಿ ಒಂದು ಗ್ರಾಂಗೂ ಕಡಿಮೆ. ಕಾಳುಗಳ ಒಳಗಿನದು ಪೂರ್ತಿ ಹೊರಗೆ ಬರುವುದಿಲ್ಲ, ಅದಕ್ಕೇ ಸಣ್ಣಗೆ ಬಿಡಿಸಬೇಕು. ನಿಂಬೆಯ ಹುಳಿಯೂ ಹೋಗುತ್ತದೆ, ಹಾಲಿನ ಸಿಹಿಯೂ ಹೋಗಿ ರುಚಿ ಕೊಂಚ ಸಪ್ಪೆ ಆಗುತ್ತದೆ. ಕಟ್ಟಿದ ಗಟ್ಟಿ ತುಂಡನ್ನು ಸುಮ್ನೆ ನೀರಲ್ಲಿ ಮುಳುಗಿಸಿಟ್ಟರೆ ಇಷ್ಟು ಫಲ ಇಲ್ಲ. ಹೊರಗಿನ ಪದರದ್ದು ಬೇಗ ಹೋಗುತ್ತದೆ, ಒಳಗಿನದು ತುಂಬ ನಿಧಾನ.

ಅಂಗಡಿ ಪನೀರ್ ಆದರೆ ಪೊಟ್ಟಣದ ಹಿಂದೆ ಕಾರ್ಬೋಹೈಡ್ರೇಟ್ ಸಾಲು ನೋಡಿ. ಬರೀ ಹಾಲು ಮತ್ತು ಹುಳಿಯಿಂದ ಮಾಡಿದ ಪನೀರ್‌ನಲ್ಲಿ ಆ ಅಂಕಿ ಬಹುತೇಕ ಲ್ಯಾಕ್ಟೋಸೇ. ತುಂಬ ಮೆತ್ತಗಿರುವ ಪನೀರ್‌ನಲ್ಲಿ ನೀರು ಜಾಸ್ತಿ, ಲ್ಯಾಕ್ಟೋಸೂ ಜಾಸ್ತಿ. ಸಾಮಗ್ರಿ ಪಟ್ಟಿಯಲ್ಲಿ ಹಾಲಿನ ಪುಡಿ ಇದ್ದರೆ ಹುಷಾರು, ಕೊಬ್ಬು ತೆಗೆದ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ ಇರುತ್ತದೆ. ಹೋಟೆಲ್‌ನ ಪನೀರ್ ಬಟರ್ ಮಸಾಲಾ ತಿಂದು ಹೊಟ್ಟೆ ಕೆಟ್ಟರೆ ಪನೀರನ್ನೇ ದೂರಬೇಡಿ, ಗ್ರೇವಿಗೆ ಹಾಕಿದ ಕ್ರೀಮ್, ಖೋವಾ ಇರಬಹುದು. ಮನೆಯಲ್ಲಿ ಒಡೆದ ನೀರು ಚೆಲ್ಲಲು ಮನಸ್ಸು ಬಾರದೆ ಚಪಾತಿ ಹಿಟ್ಟು ಕಲಸುತ್ತೇವೆ ಅಲ್ವಾ, ಆ 45 ಗ್ರಾಂ ಇರುವುದೇ ಅದರಲ್ಲಿ. ನಿಮ್ಮ ಪಾಲಿಗೆ ಬೇರೆ ನೀರಲ್ಲಿ ಕಲಸಿ.

ಒಂದು ಸಲಕ್ಕೆ 12 ಗ್ರಾಂವರೆಗೆ ಲ್ಯಾಕ್ಟೋಸ್ ಹೋದರೂ ಹೆಚ್ಚಿನವರಿಗೆ ತೊಂದರೆ ಅಷ್ಟಾಗಿ ಆಗುವುದಿಲ್ಲ. ಹಾಗಾಗಿ ಮೊದಲು 50 ಗ್ರಾಂ ಪನೀರ್ ಊಟದ ಜೊತೆ ತಿಂದು ನೋಡಿ. ಸ್ವಲ್ಪವೂ ತಡೆಯದವರು ಲ್ಯಾಕ್ಟೋಸ್ ಇಲ್ಲದ ಹಾಲು ಅಂತ ಸಿಗುವುದನ್ನು ತಂದು ಅದನ್ನೇ ಒಡೆಸಿ, ಪನೀರ್ ಚೆನ್ನಾಗಿಯೇ ಬರುತ್ತದೆ. ಆದರೆ ಹಾಲು ಕುಡಿದಾಗ ಮೈಮೇಲೆ ದದ್ದು, ತುಟಿ ಊತ, ಉಸಿರಿಗೆ ಕಷ್ಟ ಆಗುತ್ತಿದ್ದರೆ ಅದು ಲ್ಯಾಕ್ಟೋಸ್ ಅಲ್ಲ, ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು. ಪನೀರ್‌ನಲ್ಲಿ ಆ ಪ್ರೋಟೀನ್ ಹಾಲಿಗಿಂತ ಎಷ್ಟೋ ಜಾಸ್ತಿ, ಎಷ್ಟು ತೊಳೆದರೂ ಹೋಗುವುದಿಲ್ಲ. ಹಾಗಿದ್ದರೆ ಪನೀರ್ ಮುಟ್ಟದೆ ಮೊದಲು ಡಾಕ್ಟರ್‌ಗೆ ತೋರಿಸಿ.