ಗೇಟು ತೆಗೆಸಿದವಳಿಗೆ ಬರೆದ ಸಾರಿ

ಮೇಡಂ, ನಾನು ಹಾಸನದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನನ್ನ ಜೊತೆ ಮನೆ ಹಂಚಿಕೊಂಡಿರುವವಳು ಆಸ್ಪತ್ರೆಯಲ್ಲಿ ನರ್ಸ್. ಹೋದ ಭಾನುವಾರ ಬೇಲೂರಿನಲ್ಲಿ ಗೆಳತಿಯ ಮನೆ ಗೃಹಪ್ರವೇಶಕ್ಕೆ ಹೋಗಿ, ವಾಪಸ್ ಬರುವಾಗ ರಾತ್ರಿ ಹನ್ನೊಂದೂವರೆ ಆಯಿತು. ಗೇಟಿಗೆ ಬೀಗ ಬಿದ್ದಿತ್ತು, ಇವಳೇ ಓನರ್ ಆಂಟಿ ಹತ್ತಿರ ಕೇಳಿ ತೆಗೆಸಿದಳು. ಬೆಳಿಗ್ಗೆ ವಾಟ್ಸಾಪಿನಲ್ಲಿ ಹೀಗೆ ಹಾಕಿದೆ: ‘ಸಾರಿ ಕಣೇ, ನಿನ್ನೆ ಲೇಟಾಯ್ತು. ಬಸ್ಸೇ ಸಿಗ್ಲಿಲ್ಲ, ಫೋನಲ್ಲಿ ಚಾರ್ಜೂ ಇರ್ಲಿಲ್ಲ. ಬೇಜಾರಾಗಿದ್ರೆ ಸಾರಿ.’ ಕೊನೆಗೆ ಕಣ್ಣು ಮುಚ್ಚಿಕೊಂಡ ಕೋತಿಯ ಚಿತ್ರ. ಅವಳು ‘ಸರಿ’ ಅಂತಷ್ಟೇ ಕಳಿಸಿದಳು. ಆಮೇಲಿಂದ ಮಾತೇ ಕಡಿಮೆ. ಇಷ್ಟಕ್ಕೆಲ್ಲ ಉದ್ದುದ್ದ ಸಾರಿ ಯಾಕೆ ಅನ್ನುತ್ತಾಳೆ ಬೇಲೂರಿನ ಗೆಳತಿ. ಏನು ಮಾಡಲಿ?

ನೋಡಮ್ಮ, ‘ಇವಳೇ ತೆಗೆಸಿದಳು’ ಅಂತ ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀಯಲ್ಲ, ನಿನ್ನ ಸಮಸ್ಯೆಯೆಲ್ಲ ಅಲ್ಲೇ ಇದೆ. ಮಲಗಿದ್ದ ಮನೆಯೊಡತಿಯನ್ನು ಎಬ್ಬಿಸಿದವಳು ಅವಳು. ‘ಎಲ್ಲಿಗೆ ಹೋಗಿದ್ದಾಳೆ, ಯಾರ ಜೊತೆ ಬರ್ತಾಳೆ, ಇದು ಮನೆಯಾ ಛತ್ರವಾ’ ಅಂತ ಆಂಟಿ ಕೇಳಿರದಿದ್ದರೆ ನನಗೆ ಆಶ್ಚರ್ಯ. ಉತ್ತರ ಗೊತ್ತಿಲ್ಲದೆ ನಿಂತು ಅದನ್ನೆಲ್ಲ ಕೇಳಿಸಿಕೊಂಡದ್ದು ಅವಳ ಕಿವಿ. ಬಾಡಿಗೆ ಮನೆಯಲ್ಲಿ ಹೆಣ್ಣುಮಕ್ಕಳು ಕಷ್ಟಪಟ್ಟು ಗಳಿಸಿಕೊಳ್ಳುವ ಒಳ್ಳೆಯ ಹೆಸರು ನಿನ್ನಿಂದಾಗಿ ಅವಳದ್ದೂ ಸ್ವಲ್ಪ ಕೆಟ್ಟಿತು. ನಿನ್ನ ಮೆಸೇಜಿನಲ್ಲಿ ಇದರ ಸುದ್ದಿಯೇ ಇಲ್ಲ.

ಇನ್ನು ಆ ಬೇಲೂರಿನ ಗೆಳತಿ. ನಿನ್ನ ಫೋನು ಸತ್ತಿತ್ತು, ಒಪ್ಪಿದೆ. ಗೃಹಪ್ರವೇಶದ ಮನೆಯಲ್ಲಿ ಯಾರ ಫೋನೂ ಬದುಕಿರಲಿಲ್ಲವೇ? ‘ಇನ್ನೊಂದು ಬಸ್ ಇದೆ, ಕೂತ್ಕೋ’ ಅಂದವರು ಯಾರು ಅಂತ ನಾನು ಊಹಿಸಬಲ್ಲೆ. ಊಟ ಹಾಕಿ ಕಳಿಸಿದವಳು ತನ್ನ ಫೋನು ಕೈಗೆ ಕೊಟ್ಟು ‘ಮನೆಗೆ ಹೇಳು’ ಅನ್ನಬೇಕಿತ್ತು. ಅದು ಬಿಟ್ಟು ಈಗ ಸಾರಿಯ ಉದ್ದ ಅಳೆಯುತ್ತಿದ್ದಾಳೆ. ಈ ವಿಷಯದಲ್ಲಿ ಅವಳ ಮಾತು ಕೇಳಬೇಡ.

ನಿನ್ನ ಮೆಸೇಜು ಚಿಕ್ಕದಾದದ್ದು ತಪ್ಪಲ್ಲ. ಒಂದೇ ಮನೆಯಲ್ಲಿರುವವರ ನಡುವೆ ‘ಸಾರಿ ಕಣೇ’ ಸಾಕು. ‘ದಯವಿಟ್ಟು ಕ್ಷಮಿಸಿ’ ಅಂದರೆ ಅಣಕಿಸಿದ ಹಾಗೆ ಕೇಳುತ್ತದೆ. ಎಡವಟ್ಟಾಗಿರುವುದು ಬೇರೆ ಕಡೆ. ‘ಲೇಟಾಯ್ತು’, ‘ಸಿಗ್ಲಿಲ್ಲ’, ‘ಇರ್ಲಿಲ್ಲ’. ಎಲ್ಲವೂ ತಾವಾಗಿಯೇ ಆದವು. ಮಾಡಿದವಳು ಎಲ್ಲೂ ಇಲ್ಲ. ನಮ್ಮ ಮಾತಿನಲ್ಲಿ ‘ನಾನು’ ಅನ್ನದೆಯೇ ಇಡೀ ಸಾರಿ ಮುಗಿಸಿಬಿಡಬಹುದು, ಓದಿದವರಿಗೆ ಮಾತ್ರ ಅದು ಹೊಟ್ಟೆ ತುಂಬುವುದಿಲ್ಲ. ‘ಬೇಜಾರಾಗಿದ್ರೆ’ ಅನ್ನುವುದು ಅದಕ್ಕಿಂತ ಕೆಟ್ಟದ್ದು. ನಿದ್ದೆಗೆಟ್ಟು ಬೆಳಿಗ್ಗೆ ಡ್ಯೂಟಿಗೆ ಹೋದವಳಿಗೆ ಬೇಜಾರಾಗಿದೆಯೋ ಇಲ್ಲವೋ ಅನ್ನುವ ಅನುಮಾನವೇ? ಕಾರಣಗಳನ್ನು ಎರಡೆರಡು ಕೊಟ್ಟಾಗಲೂ ಅಷ್ಟೇ, ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡುತ್ತದೆ. ಕೋತಿಯ ವಿಷಯ ನಾನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ: ತಪ್ಪು ಒಪ್ಪಿಕೊಳ್ಳುವ ಕಡೆ ಚಿತ್ರ ಹಾಕಬೇಡಿ.

ಹಾಗಂತ ಈಗಲೇ ಫೋನು ಕೈಗೆತ್ತಿಕೊಳ್ಳಬೇಡ. ಮೊದಲು ಕೆಳಗಿಳಿದು ಆಂಟಿ ಹತ್ತಿರ ಹೋಗು. ತಡ ಮಾಡಿ ಬಂದದ್ದು ನಾನು, ಅವಳಿಗೆ ಗೊತ್ತೇ ಇರಲಿಲ್ಲ, ಅವಳ ಮೇಲೆ ಬೇಸರ ಇಟ್ಟುಕೊಳ್ಳಬೇಡಿ ಅಂತ ಹೇಳು. ಎಲ್ಲಿಗೆ ಹೋಗಿದ್ದೆ ಅಂತಲೂ ನೀನೇ ಹೇಳು. ಗೇಟಿನ ಇನ್ನೊಂದು ಕೀ ಕೊಡುತ್ತಾರಾ ಕೇಳಿ ನೋಡು. ಕೊಡದಿದ್ದರೆ ವಾದ ಬೇಡ. ಎದ್ದು ಬಾ. ಬಂದ ಮೇಲೆ, ಅವಳ ಡ್ಯೂಟಿ ಮುಗಿಯುವ ಹೊತ್ತು ನೋಡಿಕೊಂಡು, ಹೀಗೆ ಬರಿ:

‘ಲೇ, ಭಾನುವಾರ ನಾನು ಅಷ್ಟು ತಡ ಮಾಡಿ ಬಂದೆ, ಒಂದು ಫೋನೂ ಮಾಡ್ಲಿಲ್ಲ. ನನ್ನಿಂದ ನೀನು ಆಂಟಿ ಹತ್ರ ಮಾತು ಕೇಳ್ಬೇಕಾಯ್ತು, ನಿದ್ದೆನೂ ಹಾಳಾಯ್ತು. ಸಾರಿ ಕಣೇ. ಇವತ್ತು ಆಂಟಿ ಹತ್ರ ಹೋಗಿ ನಂದೇ ತಪ್ಪು ಅಂತ ಹೇಳಿ ಬಂದೆ. ಇನ್ಮೇಲೆ ತಡ ಆಗೋ ಹಾಗಿದ್ರೆ ಬಸ್ ಹತ್ತೋ ಮುಂಚೆನೇ ತಿಳಿಸ್ತೀನಿ.’

ಬಸ್ಸಿನ ಕತೆ ಇದರಲ್ಲಿಲ್ಲ. ಅವಳಾಗಿ ಕೇಳಿದರೆ ಹೇಳು. ‘ಇನ್ಯಾವತ್ತೂ ಲೇಟ್ ಮಾಡಲ್ಲ’ ಅಂತಲೂ ಸೇರಿಸಬೇಡ, ಬೇಲೂರಿನಿಂದ ಹಾಸನಕ್ಕೆ ನಲವತ್ತು ಕಿಲೋಮೀಟರ್ ಹತ್ತಿರ ಹತ್ತಿರ ದಾರಿ, ಬಸ್ಸು ನಿನ್ನ ಮಾತು ಕೇಳುವುದಿಲ್ಲ. ತಿಳಿಸುವುದು ಮಾತ್ರ ನಿನ್ನ ಕೈಲಿದೆ. ಅದಕ್ಕೆ ಅವಳ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೋ. ಫೋನು ಸತ್ತರೆ ಬಾಯಿಪಾಠ ಬರುವ ನಂಬರು ನಿಮ್ಮ ವಯಸ್ಸಿನವರ ಹತ್ತಿರ ಎಷ್ಟಿವೆ ಅಂತ ನನಗೆ ಗೊತ್ತು.

ಇದಕ್ಕೂ ಅವಳು ‘ಹೂಂ’ ಅಂತಷ್ಟೇ ಕಳಿಸಬಹುದು. ಆಗ ‘ಇನ್ನೂ ಕೋಪನಾ?’ ಅಂತ ಕೇಳಿ ನಿನ್ನನ್ನು ಸಮಾಧಾನ ಮಾಡುವ ಕೆಲಸ ಅವಳ ತಲೆಗೆ ಕಟ್ಟಬೇಡ. ಆ ರಾತ್ರಿ ಅಡುಗೆ ಸರದಿ ಯಾರದ್ದೇ ಇರಲಿ, ಅನ್ನಕ್ಕೆ ನೀನೇ ಇಡು.